ಸರ್ಟಿಫಿಕೇಟ್ ಹೇಳುವುದೇನು, ಹೋಟೆಲ್ ಅಡುಗೆಮನೆ ಕೇಳುವುದೇನು?

ಶೆಫ್ ಮತ್ತು ಬೇಕರಿ ಕೋರ್ಸ್‌ಗಳ ವಿದ್ಯಾರ್ಥಿವೇತನದ ಬಗ್ಗೆ ದಾನಿಗಳಿಗೂ ಪೋಷಕರಿಗೂ ಒಂದು ವಿವರಣೆ



ಕೆಲವು ವರ್ಷಗಳ ಹಿಂದಿನವರೆಗೆ ನಮ್ಮ ವಿದ್ಯಾರ್ಥಿವೇತನ ಸಮಿತಿಗೆ ಬರುತ್ತಿದ್ದ ಅರ್ಜಿಗಳು ಹೆಚ್ಚಾಗಿ ಪಿಯುಸಿ, ಡಿಗ್ರಿ, ನರ್ಸಿಂಗ್, ಐಟಿಐಗಳಿಗೆ ಸೇರಿದವು. ಈಗ ಅವುಗಳ ಜೊತೆಗೆ ಶೆಫ್ ಕೋರ್ಸ್, ಬೇಕರಿ ಕೋರ್ಸ್, ಕ್ರೂಸ್ ಹಡಗಿನ ಕೋರ್ಸ್ ಎಂದು ಬರೆದ ಅರ್ಜಿಗಳೂ ಬರುತ್ತಿವೆ. ಕರಾವಳಿಯ ನಮ್ಮ ಮನೆಗಳಿಗೆ ಹೋಟೆಲ್ ಕೆಲಸ ಹೊಸದಲ್ಲ. ಒಂದೊಂದು ಮನೆಯಲ್ಲೂ ಮುಂಬಯಿಯಲ್ಲೋ ಗಲ್ಫಿನಲ್ಲೋ ಅಡುಗೆ ಮಾಡಿದ ಒಬ್ಬ ಚಿಕ್ಕಪ್ಪನೋ ಮಾವನೋ ಇದ್ದೇ ಇರುತ್ತಾರೆ. ಆದರೆ ಅವರು ಕೆಲಸ ಕಲಿತದ್ದು ಕೆಲಸ ಮಾಡುತ್ತಲೇ, ಸರ್ಟಿಫಿಕೇಟ್ ಹಿಡಿದು ಹೋದವರಲ್ಲ. ಹೀಗಾಗಿ ಮೂರು ತಿಂಗಳ ಕೋರ್ಸ್ ಒಳ್ಳೆಯದೋ ಒಂದೂವರೆ ವರ್ಷದ ಡಿಪ್ಲೊಮಾ ಒಳ್ಳೆಯದೋ ಎಂದು ಮಗ ಕೇಳಿದರೆ ಮನೆಯ ಹಿರಿಯರಲ್ಲಿ ಉತ್ತರ ಇರುವುದಿಲ್ಲ.

ಆ ಉತ್ತರ ನಮ್ಮಲ್ಲೂ ಇರಲಿಲ್ಲ. ಒಮ್ಮೆ ತಪ್ಪು ಮಾಡಿದ ಮೇಲೆಯೇ ನಾವು ಈ ವಿಷಯವನ್ನು ಸರಿಯಾಗಿ ಕೇಳಿ ತಿಳಿದುಕೊಂಡೆವು. ಆ ತಪ್ಪನ್ನು ಮುಚ್ಚಿಡದೆ ಮೊದಲು ಹೇಳುತ್ತೇವೆ.

ನಮ್ಮಿಂದಾದ ತಪ್ಪು

ಪಿಯುಸಿ ಮುಗಿಸಿದ ಒಬ್ಬ ಹುಡುಗ ತಾಯಿಯೊಂದಿಗೆ ನಮ್ಮ ಕಚೇರಿಗೆ ಬಂದಿದ್ದ. ತಂದೆ ಇಲ್ಲದ ಮನೆ. ಕೈಯಲ್ಲಿ ಒಂದು ಖಾಸಗಿ ಸಂಸ್ಥೆಯ ಬಣ್ಣದ ಕಿರುಪುಸ್ತಕ ಇತ್ತು. ಆರು ತಿಂಗಳ 'ಕ್ರೂಸ್ ಲೈನ್ ಡಿಪ್ಲೊಮಾ', ಹಡಗಿಗೆ ಬೇಕಾದ ಎಲ್ಲ ತರಬೇತಿಯೂ ಒಂದೇ ಶುಲ್ಕದಲ್ಲಿ, ಕೆಲಸ ಖಚಿತ ಎಂದು ಅದರಲ್ಲಿ ಅಚ್ಚಾಗಿತ್ತು. ಶುಲ್ಕ ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ. ಅರ್ಧವನ್ನು ನಾವು ಕೊಟ್ಟೆವು. ಉಳಿದರ್ಧಕ್ಕೆ ತಾಯಿ ತಮ್ಮ ಬಳೆಗಳನ್ನು ಅಡವಿಟ್ಟರು.

ಆರು ತಿಂಗಳಲ್ಲಿ ಹುಡುಗನಿಗೆ ಸರ್ಟಿಫಿಕೇಟ್ ಸಿಕ್ಕಿತು. ಅದರಲ್ಲಿ 'ಡಿಪ್ಲೊಮಾ' ಎಂಬ ಪದವಿತ್ತು. ಆದರೆ ಅದನ್ನು ಕೊಟ್ಟದ್ದು ಯಾವ ಬೋರ್ಡೂ ಅಲ್ಲ, ವಿಶ್ವವಿದ್ಯಾಲಯವೂ ಅಲ್ಲ, ಆ ಸಂಸ್ಥೆಯೇ. ಜೊತೆಗೆ ಎರಡು ತಿಂಗಳ ಹೋಟೆಲ್ ತರಬೇತಿ ಪಡೆದ ಪತ್ರವೂ ಇತ್ತು. ಮುಂಬಯಿಯಲ್ಲಿ ಸಂದರ್ಶನಕ್ಕೆ ಕುಳಿತಾಗ ಎದುರಿದ್ದ ಶೆಫ್ ಅವನ ಸರ್ಟಿಫಿಕೇಟನ್ನು ಬದಿಗಿಟ್ಟು ಎರಡು ಪ್ರಶ್ನೆ ಕೇಳಿದರಂತೆ: ನೀನು ತರಬೇತಿ ಪಡೆದ ಹೋಟೆಲಿನಲ್ಲಿ ಒಂದು ಹೊತ್ತಿಗೆ ಎಷ್ಟು ಜನರಿಗೆ ಊಟ ಹೋಗುತ್ತಿತ್ತು? ನೀನು ಯಾವ ವಿಭಾಗದಲ್ಲಿ ನಿಂತಿದ್ದೆ? ಅದು ಇಪ್ಪತ್ತು ಕೋಣೆಗಳ ಲಾಡ್ಜು. ಅಲ್ಲಿನ ಅಡುಗೆಮನೆಯಲ್ಲಿ ಬೆಳಗಿನ ತಿಂಡಿ ಬಿಟ್ಟರೆ ಬೇರೆ ಕೆಲಸವಿರಲಿಲ್ಲ, ವಿಭಾಗಗಳೂ ಇರಲಿಲ್ಲ. ಹುಡುಗ ಸುಳ್ಳು ಹೇಳಲಿಲ್ಲ, ಕೆಲಸವೂ ಸಿಗಲಿಲ್ಲ. ಅವನು ಊರಿಗೆ ಮರಳಿದ ಮೇಲೆ ಒಬ್ಬ ಏಜೆಂಟ್ ಫೋನ್ ಮಾಡಿ, ಇನ್ನೂ ಒಂದಷ್ಟು ಹಣ ಕಟ್ಟಿದರೆ ಬೇರೆ ಹಡಗಿಗೆ ಸೇರಿಸುತ್ತೇನೆ ಎಂದ. ತಾಯಿ ನಮ್ಮನ್ನು ಕೇಳಲು ಬಂದದ್ದು ಆಗಲೇ.

ಆ ಸಂಸ್ಥೆಯ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ಕೇಳಬೇಕಾದ್ದನ್ನು ಕೇಳದೆ ಚೆಕ್ ಬರೆದವರು ನಾವು. ಹುಡುಗನ ಕಥೆ ಅಲ್ಲಿಗೇ ಮುಗಿಯಲಿಲ್ಲ, ಮುಂದಿನದನ್ನು ಆಮೇಲೆ ಹೇಳುತ್ತೇವೆ.

ಕೋರ್ಸ್‌ಗಳಲ್ಲಿ ಎಷ್ಟು ಬಗೆ?

ಅಡುಗೆ ಮತ್ತು ಬೇಕರಿ ಕೋರ್ಸ್‌ಗಳನ್ನು ಅವಧಿಯ ಪ್ರಕಾರ ಮೂರು ಮೆಟ್ಟಿಲಾಗಿ ನೋಡಿದರೆ ಸುಲಭವಾಗಿ ತಿಳಿಯುತ್ತದೆ.

ಮೊದಲನೆಯದು ಕೆಲವು ವಾರಗಳಿಂದ ಮೂರು ನಾಲ್ಕು ತಿಂಗಳವರೆಗಿನ ಶಾರ್ಟ್ ಕೋರ್ಸ್. ಇದರಲ್ಲಿ ದುಬಾರಿ ಖಾಸಗಿ ಕೋರ್ಸ್‌ಗಳೂ ಇವೆ, ಶುಲ್ಕವೇ ಇಲ್ಲದ ಸರಕಾರಿ ಕೋರ್ಸ್‌ಗಳೂ ಇವೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು 2009-10ರಲ್ಲಿ ಆರಂಭಿಸಿದ 'ಹುನರ್ ಸೇ ರೋಜ್‌ಗಾರ್ ತಕ್' ಯೋಜನೆ ಶುಲ್ಕವಿಲ್ಲದ ಬಗೆಯದು. ಹೆಚ್ಚು ಓದದ ಯುವಕ ಯುವತಿಯರಿಗೆ ಅಡುಗೆ, ಬಡಿಸುವಿಕೆ ಮುಂತಾದ ಕೆಲಸ ಕಲಿಸಲೆಂದೇ ಅದು ಹುಟ್ಟಿತು.

ಎರಡನೆಯದು ಎಸ್ಸೆಸ್ಸೆಲ್ಸಿ ಆದವರು ಸೇರಬಹುದಾದ ಒಂದು ವರ್ಷದ ಐಟಿಐ. ಐಟಿಐ ಎಂದರೆ ಫಿಟ್ಟರ್, ಎಲೆಕ್ಟ್ರಿಷಿಯನ್ ಎಂದಷ್ಟೇ ನಮ್ಮವರು ತಿಳಿದಿದ್ದಾರೆ. 'ಬೇಕರ್ ಅಂಡ್ ಕನ್ಫೆಕ್ಷನರ್', 'ಫುಡ್ ಪ್ರೊಡಕ್ಷನ್' ಎಂಬ ಟ್ರೇಡ್‌ಗಳೂ ಅದರಲ್ಲಿವೆ. ಎಲ್ಲ ಐಟಿಐಗಳಲ್ಲಿ ಇವು ಇರುವುದಿಲ್ಲ, ವಿಚಾರಿಸಬೇಕು. ಮುಗಿಸಿದವರಿಗೆ ರಾಷ್ಟ್ರೀಯ ಮಟ್ಟದ ಟ್ರೇಡ್ ಸರ್ಟಿಫಿಕೇಟ್ ಸಿಗುತ್ತದೆ. ಅದಾದ ಮೇಲೆ ಹೋಟೆಲಿನಲ್ಲಿ ಸ್ಟೈಪೆಂಡ್ ಪಡೆದು ಅಪ್ರೆಂಟಿಸ್ ಆಗಿಯೂ ಸೇರಬಹುದು.

ಮೂರನೆಯದು ಪಿಯುಸಿ ಆದವರಿಗಿರುವ ಡಿಪ್ಲೊಮಾ. ಪ್ರವಾಸೋದ್ಯಮ ಸಚಿವಾಲಯದ ಅಡಿಯಲ್ಲಿರುವ ರಾಷ್ಟ್ರೀಯ ಹೋಟೆಲ್ ಮ್ಯಾನೇಜ್‌ಮೆಂಟ್ ಮಂಡಳಿಯ ಪಠ್ಯದಂತೆ ನಡೆಯುವ 'ಫುಡ್ ಪ್ರೊಡಕ್ಷನ್' ಮತ್ತು 'ಬೇಕರಿ ಅಂಡ್ ಕನ್ಫೆಕ್ಷನರಿ' ಡಿಪ್ಲೊಮಾಗಳು ಒಂದೂವರೆ ವರ್ಷದವು. ಒಂದು ವರ್ಷ ಕಾಲೇಜಿನಲ್ಲಿ ಕಲಿಕೆ, ನಂತರ ಆರು ತಿಂಗಳು ಹೋಟೆಲಿನಲ್ಲಿ ತರಬೇತಿ. ಬೆಂಗಳೂರಿನಲ್ಲಿರುವ ಐಎಚ್‌ಎಂ ಇದೇ ಮಂಡಳಿಗೆ ಸೇರಿದ ಸಂಸ್ಥೆ. ಇದಕ್ಕೂ ಮೇಲೆ ಮೂರು ನಾಲ್ಕು ವರ್ಷಗಳ ಡಿಗ್ರಿಗಳಿವೆ. ಅವು ಮುಂದೆ ಮ್ಯಾನೇಜರ್ ಆಗಬೇಕೆನ್ನುವವರ ದಾರಿ, ಇಲ್ಲಿ ಅವುಗಳ ಚರ್ಚೆ ಬೇಡ.

ಪೋಷಕರು ಒಂದು ಮಾತನ್ನು ಮುಖ್ಯವಾಗಿ ಗಮನಿಸಬೇಕು. 'ಡಿಪ್ಲೊಮಾ' ಎಂಬ ಪದವನ್ನು ಯಾರು ಬೇಕಾದರೂ ಕಾಗದದ ಮೇಲೆ ಅಚ್ಚು ಹಾಕಿಸಬಹುದು. ಪರೀಕ್ಷೆ ನಡೆಸಿದವರು ಯಾರು, ಸಹಿ ಹಾಕಿದವರು ಯಾರು ಎಂಬುದನ್ನು ಮೊದಲು ನೋಡಬೇಕು. ಪಾಠ ಮಾಡಿದವರೇ ಪರೀಕ್ಷೆ ಮಾಡಿ, ಅವರೇ ಸಹಿ ಹಾಕಿದ್ದರೆ ಅದಕ್ಕೆ ಏನೇ ಹೆಸರಿದ್ದರೂ ಅದು ಆ ಸಂಸ್ಥೆಯ ಸ್ವಂತ ಸರ್ಟಿಫಿಕೇಟ್ ಮಾತ್ರ.

ಮೂರು ತಿಂಗಳಿಗೂ ಒಂದೂವರೆ ವರ್ಷಕ್ಕೂ ವ್ಯತ್ಯಾಸ ಎಲ್ಲಿ?

ಗಂಟೆಗಳ ಲೆಕ್ಕ ಹಾಕಿದರೆ ಅರ್ಧ ಉತ್ತರ ಸಿಗುತ್ತದೆ. ದಿನಕ್ಕೆ ಮೂರು ಗಂಟೆ, ವಾರಕ್ಕೆ ಐದು ದಿನ ನಡೆಯುವ ಮೂರು ತಿಂಗಳ ಕೋರ್ಸ್‌ನಲ್ಲಿ ಸುಮಾರು 190 ಗಂಟೆ ಸಿಗುತ್ತದೆ. ಅದರಲ್ಲೂ ಒಂದು ಓವನ್ ಮುಂದೆ ಹದಿನೈದು ಜನ ನಿಂತಿದ್ದರೆ ಒಬ್ಬರ ಕೈಗೆ ಸಿಗುವ ಕೆಲಸ ಇನ್ನೂ ಕಡಿಮೆ. ಡಿಪ್ಲೊಮಾದ ಆರು ತಿಂಗಳ ಹೋಟೆಲ್ ತರಬೇತಿಯಲ್ಲಿ ವಾರಕ್ಕೆ 48 ಗಂಟೆಯಂತೆ 24 ವಾರ ನಿಂತರೂ 1,150 ಗಂಟೆ ದಾಟುತ್ತದೆ. ಕಾಲೇಜಿನ ಒಂದು ವರ್ಷ ಇದರ ಹೊರಗಿನ ಲೆಕ್ಕ.

ಉಳಿದರ್ಧ ಉತ್ತರವನ್ನು ನಮಗೆ ಕಲಿಸಿದವರು ದೊಡ್ಡ ಹೋಟೆಲೊಂದರಲ್ಲಿ ಬೇಕರಿ ವಿಭಾಗ ನೋಡಿಕೊಂಡು ನಿವೃತ್ತರಾದ ಒಬ್ಬ ಹಿರಿಯರು. ನಮ್ಮ ಸಮಿತಿಯ ಕೋರಿಕೆಯಂತೆ ಅವರು ಬೇಕರಿ ಕಲಿತ ಇಬ್ಬರು ಅರ್ಜಿದಾರರನ್ನು ಕೂರಿಸಿ ಪ್ರಶ್ನೆ ಕೇಳಿದರು. ಒಬ್ಬ ಮೂರು ತಿಂಗಳ ಕೋರ್ಸ್ ಮಾಡಿದವನು, ಇನ್ನೊಬ್ಬಳು ಡಿಪ್ಲೊಮಾದ ಕೊನೆಯ ಹಂತದಲ್ಲಿದ್ದವಳು. ಒಂದು ಕಿಲೋ ಮೈದಾದಲ್ಲಿ ಬ್ರೆಡ್ ಮಾಡುವುದು ಇಬ್ಬರಿಗೂ ಗೊತ್ತಿತ್ತು. ಪ್ರಶ್ನೆ ಇದ್ದದ್ದು ಹೀಗೆ: "ನಾಳೆ ಬೆಳಿಗ್ಗೆ ನೂರು ಬ್ರೆಡ್ ಬೇಕು. ಒಂದೊಂದಕ್ಕೆ 450 ಗ್ರಾಂ ಹಿಟ್ಟಿನ ಉಂಡೆ. ಎಷ್ಟು ಮೈದಾ ತೂಗುತ್ತೀರಿ?"

ಹುಡುಗ ಒಂದು ಕಿಲೋದ ರೆಸಿಪಿಯನ್ನು ಹೆಚ್ಚಿಸುತ್ತಾ ಅಂದಾಜಿನ ಮೇಲೆ ಮೂವತ್ತು ಕಿಲೋ ಎಂದ. ಹುಡುಗಿ ಕಾಗದ ತೆಗೆದುಕೊಂಡಳು. ಬೇಕರಿಯಲ್ಲಿ ಮೈದಾವನ್ನು ಯಾವಾಗಲೂ ನೂರು ಎಂದಿಟ್ಟುಕೊಂಡು ಉಳಿದದ್ದನ್ನು ಅದರ ಶೇಕಡಾವಾರು ಹೇಳುತ್ತಾರೆ. ಅವಳ ಲೆಕ್ಕದಲ್ಲಿ ಮೈದಾ 100, ನೀರು 60, ಸಕ್ಕರೆ 4, ಕೊಬ್ಬು 3, ಉಪ್ಪು 2, ಒಣ ಯೀಸ್ಟ್ 1, ಒಟ್ಟು 170. ಬೇಕಾದ ಹಿಟ್ಟಿನ ಉಂಡೆ ನೂರು ಸಲ 450 ಗ್ರಾಂ, ಅಂದರೆ 45 ಕಿಲೋ. ಅದನ್ನು 1.70ರಿಂದ ಭಾಗಿಸಿದರೆ ಮೈದಾ ಸುಮಾರು ಇಪ್ಪತ್ತಾರೂವರೆ ಕಿಲೋ. ಹುಡುಗನ ಲೆಕ್ಕದಂತೆ ನಡೆದಿದ್ದರೆ ಮೂರೂವರೆ ಕಿಲೋ ಮೈದಾ, ಅದರ ಜೊತೆಗಿನ ಉಳಿದ ಸಾಮಾನು ದಿನವೂ ಹೆಚ್ಚಾಗಿ ಹೋಗುತ್ತಿತ್ತು.

ಹಿರಿಯರು ಎರಡನೆಯ ಪ್ರಶ್ನೆ ಕೇಳಿದರು. "ಏಪ್ರಿಲ್ ತಿಂಗಳು, ಮಂಗಳೂರು. ಕೋಣೆಯ ಉಷ್ಣತೆ 32 ಡಿಗ್ರಿ, ಮೈದಾ 30 ಡಿಗ್ರಿ ಇದೆ. ನಾದಿದ ಹಿಟ್ಟು 26 ಡಿಗ್ರಿಯಲ್ಲಿ ಮಿಕ್ಸರ್‌ನಿಂದ ಹೊರಬರಬೇಕು. ಎಷ್ಟು ತಣ್ಣನೆಯ ನೀರು ಹಾಕುತ್ತೀರಿ?" ಇದಕ್ಕೂ ಬೇಕರಿಯವರ ಒಂದು ಲೆಕ್ಕವಿದೆ. ಬೇಕಾದ 26ನ್ನು ಮೂರರಿಂದ ಗುಣಿಸಿದರೆ 78. ಅದರಿಂದ ಕೋಣೆಯ 32, ಮೈದಾದ 30, ಮಿಕ್ಸರ್ ತಿರುಗುವಾಗ ತಿಕ್ಕಾಟದಿಂದ ಏರುವ ಬಿಸಿಗೆ ಸುಮಾರು 10 ಕಳೆದರೆ ಉಳಿಯುವುದು 6. ಅಂದರೆ ಆರು ಡಿಗ್ರಿಯ ನೀರು, ಐಸ್ ಇಲ್ಲದೆ ಆಗದು. ನಲ್ಲಿಯ 29 ಡಿಗ್ರಿ ನೀರನ್ನೇ ಸುರಿದರೆ ಹಿಟ್ಟು 33 ಡಿಗ್ರಿ ದಾಟಿ, ಬೇಗ ಉಬ್ಬಿ, ಓವನ್‌ಗೆ ಹೋಗುವ ಹೊತ್ತಿಗೆ ಕುಸಿಯುತ್ತದೆ. ಬ್ರೆಡ್ಡಿಗೆ ಹುಳಿ ವಾಸನೆ ಬರುತ್ತದೆ. ಹುಡುಗಿಗೆ ಈ ಲೆಕ್ಕ ಪೂರ್ತಿ ಬರಲಿಲ್ಲ, ಐಸ್ ನೀರು ಬೇಕು ಎಂಬುದು ಗೊತ್ತಿತ್ತು. ತರಬೇತಿಯ ಹೋಟೆಲಿನಲ್ಲಿ ಬೇಸಿಗೆಯಲ್ಲಿ ದಿನವೂ ಹಾಗೆಯೇ ಮಾಡುತ್ತಿದ್ದರಂತೆ. ಹುಡುಗನ ಕೋರ್ಸ್ ನಡೆದದ್ದು ಎಸಿ ಕೋಣೆಯಲ್ಲಿ, ಈ ಸಮಸ್ಯೆಯನ್ನು ಅವನು ನೋಡಿಯೇ ಇರಲಿಲ್ಲ.

ಹಿರಿಯರು ಆಗ ಹೇಳಿದ್ದನ್ನು ನಾವು ಬರೆದಿಟ್ಟುಕೊಂಡೆವು: "ಶಾರ್ಟ್ ಕೋರ್ಸ್ ಹುಡುಗನಿಗೆ ರೆಸಿಪಿ ಬರುತ್ತದೆ. ರೆಸಿಪಿ ಕೆಟ್ಟಾಗ ಯಾಕೆ ಕೆಟ್ಟಿತು ಅಂತ ಗೊತ್ತಾಗಬೇಕಾದರೆ ಸಮಯ ಬೇಕು."

ಆದರೆ ಡಿಪ್ಲೊಮಾ ಮಾಡಿದವರು ಮೊದಲ ದಿನವೇ ಮೇಲಿನ ಹುದ್ದೆಗೆ ಸೇರುತ್ತಾರೆ ಎಂದು ಯಾರೂ ಭಾವಿಸಬಾರದು. ಹೋಟೆಲ್ ಅಡುಗೆಮನೆಯಲ್ಲಿ ಕೆಳಗಿನಿಂದ ಮೇಲಕ್ಕೆ ಕಾಮಿ-3, ಕಾಮಿ-2, ಕಾಮಿ-1, ಅದರ ಮೇಲೆ ಡೆಮಿ ಶೆಫ್, ಒಂದು ವಿಭಾಗ ನೋಡಿಕೊಳ್ಳುವ ಶೆಫ್ ದ ಪಾರ್ಟಿ ಎಂದು ಮೆಟ್ಟಿಲುಗಳಿವೆ. ಡಿಪ್ಲೊಮಾದವರು ಸಾಮಾನ್ಯವಾಗಿ ಕಾಮಿ-3 ಆಗಿಯೇ ಶುರು ಮಾಡುತ್ತಾರೆ. ಶಾರ್ಟ್ ಕೋರ್ಸ್‌ನವರು ಅದಕ್ಕೂ ಕೆಳಗೆ ಟ್ರೈನಿಯಾಗಿ ಸೇರಿ ಅದೇ ಕಾಮಿ-3ಕ್ಕೆ ಬರುತ್ತಾರೆ. ಮೊದಲ ಸಂಬಳದಲ್ಲಿ ದೊಡ್ಡ ಅಂತರ ಕಾಣುವುದಿಲ್ಲ. ಅಂತರ ಕಾಣುವುದು ಮೂರು ನಾಲ್ಕು ವರ್ಷದ ನಂತರ, ಸಾಮಾನಿನ ಆರ್ಡರ್ ಬರೆಯುವ, ಖರ್ಚಿನ ಲೆಕ್ಕ ಹಾಕುವ, ಇನ್ನೊಬ್ಬರಿಗೆ ಕೆಲಸ ಹೇಳುವ ಹುದ್ದೆ ಬಂದಾಗ.

ಶಾರ್ಟ್ ಕೋರ್ಸ್ ಯಾರಿಗೆ ಸರಿ?

ಇಷ್ಟು ಹೇಳಿದ ಮೇಲೆ ಶಾರ್ಟ್ ಕೋರ್ಸ್ ಬೇಡವೇ ಬೇಡ ಎಂದು ತಿಳಿಯಬಾರದು. ಕೆಲವರಿಗೆ ಅದೇ ಸರಿ. ಈಗಾಗಲೇ ಬೇಕರಿಯಲ್ಲಿ ನಾಲ್ಕೈದು ವರ್ಷ ಕೆಲಸ ಮಾಡಿದ ಹುಡುಗನಿಗೆ ಕೈಕೆಲಸ ಬರುತ್ತದೆ. ಅವನಿಗೆ ಬೇಕಾದದ್ದು ಕೇಕ್ ಅಲಂಕಾರ, ಚಾಕೊಲೇಟ್ ಕೆಲಸ, ಮೇಲೆ ಹೇಳಿದಂಥ ಲೆಕ್ಕ. ಅದಕ್ಕೆ ಎರಡು ಮೂರು ತಿಂಗಳು ಸಾಕು. ಹಾಗೆಯೇ ಮನೆಯಿಂದ ಕೇಕ್ ಮಾಡಿ ಮಾರುವ ಹೆಣ್ಣುಮಕ್ಕಳಿಗೆ ಒಂದೂವರೆ ವರ್ಷದ ಡಿಪ್ಲೊಮಾ ಅಗತ್ಯವಿಲ್ಲ. ಒಂದು ಒಳ್ಳೆಯ ಕೋರ್ಸ್, ಒಂದು ಓವನ್, ಎಫ್‌ಎಸ್‌ಎಸ್‌ಎಐ ನೋಂದಣಿ ಇದ್ದರೆ ಶುರು ಮಾಡಬಹುದು. ಓವನ್ ಕೊಳ್ಳಲು ಸಹಾಯ ಕೇಳಿ ಬರುವ ಇಂಥ ಅರ್ಜಿಗಳನ್ನೂ ನಾವು ಕೋರ್ಸ್ ಅರ್ಜಿಗಳಷ್ಟೇ ಗಮನವಿಟ್ಟು ನೋಡುತ್ತೇವೆ.

ಮನೆಯಲ್ಲಿ ತಕ್ಷಣ ದುಡಿಯಲೇಬೇಕಾದ ಹುಡುಗನಿಗೂ ಶಾರ್ಟ್ ಕೋರ್ಸ್ ಒಂದು ದಾರಿಯೇ. ಆದರೆ ಅಂಥವರು ದುಬಾರಿ ಖಾಸಗಿ ಕೋರ್ಸ್‌ಗೆ ಹೋಗುವ ಮೊದಲು ಶುಲ್ಕವಿಲ್ಲದ ಸರಕಾರಿ ಕೋರ್ಸ್ ಇದೆಯೇ ಎಂದು ನೋಡಬೇಕು, ಮುಗಿದ ಕೂಡಲೇ ದೊಡ್ಡ ಅಡುಗೆಮನೆಗೆ ಟ್ರೈನಿಯಾಗಿ ಸೇರಬೇಕು. ಶಾರ್ಟ್ ಕೋರ್ಸ್ ಮುಗಿಸಿ ಆರು ತಿಂಗಳು ಮನೆಯಲ್ಲಿ ಕುಳಿತವನಿಗೆ ಸರ್ಟಿಫಿಕೇಟ್ ಇದ್ದೂ ಇಲ್ಲದಂತೆಯೇ.

ಹಡಗಿನ ಕೆಲಸ: ಯಾವುದು ಮೊದಲು, ಯಾವುದು ಕೊನೆ?

ಹಡಗು ಎಂದರೆ ಎಲ್ಲವೂ ಒಂದೇ ಅಲ್ಲ. ಸರಕು ಸಾಗಿಸುವ ಹಡಗಿನಲ್ಲಿ ಇಪ್ಪತ್ತು ಚಿಲ್ಲರೆ ಸಿಬ್ಬಂದಿಗೆ ಒಬ್ಬ ಕುಕ್, ಒಬ್ಬ ಸಹಾಯಕ ಅಡುಗೆ ಮಾಡುತ್ತಾರೆ. ಅಲ್ಲಿ ಕುಕ್ ಆಗಲು ಅದಕ್ಕೆಂದೇ ಇರುವ ಅರ್ಹತಾ ಪತ್ರ ಬೇಕು. ಅದರ ದಾರಿ ಶುರುವಾಗುವುದು ಕೇಂದ್ರ ಸರಕಾರದ ಡಿಜಿ ಶಿಪ್ಪಿಂಗ್ ಒಪ್ಪಿದ ಆರು ತಿಂಗಳ ಮ್ಯಾರಿಟೈಮ್ ಕೇಟರಿಂಗ್ ಕೋರ್ಸ್‌ನಿಂದ. ಪ್ರಯಾಣಿಕರ ಕ್ರೂಸ್ ಹಡಗು ಇದಕ್ಕಿಂತ ಪೂರ್ತಿ ಬೇರೆ. ಅದು ನೀರಿನ ಮೇಲೆ ತೇಲುವ ದೊಡ್ಡ ಹೋಟೆಲ್. ಸಾವಿರಾರು ಜನರ ಊಟ, ಅಡುಗೆಮನೆಯಲ್ಲೇ ನೂರಕ್ಕೂ ಹೆಚ್ಚು ಜನ. ಕ್ರೂಸ್ ಕೆಲಸಕ್ಕೆ ಮ್ಯಾರಿಟೈಮ್ ಕೇಟರಿಂಗ್ ಕೋರ್ಸ್ ಮಾಡಿ ಬಂದವರನ್ನೂ, ಸರಕು ಹಡಗಿಗೆ ಹೋಗಬೇಕೆಂದು ಹೋಟೆಲ್ ಡಿಪ್ಲೊಮಾ ಸೇರಿದವರನ್ನೂ ನಾವು ಕಂಡಿದ್ದೇವೆ. ಇಬ್ಬರೂ ತಪ್ಪು ಬಾಗಿಲು ತಟ್ಟಿದವರು.

ಕ್ರೂಸ್ ಕಂಪನಿಗಳು ಅಡುಗೆಮನೆಗೆ ಜನ ಆರಿಸುವಾಗ ಮುಖ್ಯವಾಗಿ ನೋಡುವುದು ದೊಡ್ಡ ಹೋಟೆಲಿನ ಅನುಭವವನ್ನು. ಕೆಳಗಿನ ಹುದ್ದೆಗೂ ಸಾಮಾನ್ಯವಾಗಿ ನಾಲ್ಕು ಅಥವಾ ಐದು ನಕ್ಷತ್ರದ ಹೋಟೆಲಿನಲ್ಲಿ ಒಂದೆರಡು ವರ್ಷದ ಕೆಲಸ ಕೇಳುತ್ತಾರೆ. ಜೊತೆಗೆ ಕೆಲಸದ ಮಟ್ಟಿಗೆ ಇಂಗ್ಲಿಷ್ ಬೇಕು. ಬೆಂಕಿ ಬಿದ್ದಾಗ ಕೊಡುವ ಸೂಚನೆ ಎಲ್ಲರಿಗೂ ಅರ್ಥವಾಗಬೇಕಲ್ಲವೇ?

ಅವರು ಕೇಳುವ ಮೂರನೆಯ ವಿಷಯ ಶುಚಿತ್ವದ ತಿಳಿವಳಿಕೆ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳನ್ನು ಅಲ್ಲಿನ ಆರೋಗ್ಯ ಇಲಾಖೆ ಮುನ್ಸೂಚನೆ ಇಲ್ಲದೆ ಬಂದು ಪರೀಕ್ಷಿಸಿ ನೂರಕ್ಕೆ ಅಂಕ ಕೊಡುತ್ತದೆ. 86 ಬಂದರೆ ಪಾಸು, 85 ಬಂದರೆ ನಪಾಸು. ಹಾಗಾಗಿ ಸಂದರ್ಶನದಲ್ಲಿ ಹೀಗೆ ಕೇಳುವುದುಂಟು: ಬೇಯಿಸಿದ ಸಾರನ್ನು ಹೇಗೆ ತಣಿಸುತ್ತೀಯ? ಮೊದಲ ಎರಡು ಗಂಟೆಯೊಳಗೆ 57 ಡಿಗ್ರಿಯಿಂದ 21 ಡಿಗ್ರಿಗೆ, ಮುಂದಿನ ನಾಲ್ಕು ಗಂಟೆಯೊಳಗೆ 5 ಡಿಗ್ರಿಗೆ ಇಳಿಸಬೇಕು ಎಂಬುದು ಅದರ ನಿಯಮ. ರೋಗಾಣುಗಳು ಅತಿ ವೇಗವಾಗಿ ಬೆಳೆಯುವುದು ನಡುವಿನ ಆ ಬಿಸಿಯಲ್ಲೇ. ಅದಕ್ಕಾಗಿ ದೊಡ್ಡ ಪಾತ್ರೆಯಿಂದ ಚಪ್ಪಟೆ ಟ್ರೇಗಳಿಗೆ ಸುರಿದು ತಣಿಸುತ್ತಾರೆ. ಮನೆಯಲ್ಲಿ ಪಾತ್ರೆ ಮುಚ್ಚಿ ರಾತ್ರಿಯಿಡೀ ಇಡುವ ಅಭ್ಯಾಸದವರಿಗೆ ಇದನ್ನು ಕಲಿಸಿಕೊಡಲೇಬೇಕಾಗುತ್ತದೆ.

ಈಗ ಕಾಗದಪತ್ರಗಳ ವಿಷಯ. ಹಡಗು ಹತ್ತುವವರೆಲ್ಲ ಎಸ್‌ಟಿಸಿಡಬ್ಲ್ಯು ಎಂಬ ಅಂತರರಾಷ್ಟ್ರೀಯ ಒಪ್ಪಂದದಂತೆ ಸುರಕ್ಷತಾ ತರಬೇತಿ ಪಡೆಯಬೇಕು: ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ, ಹಡಗಿನ ಶಿಸ್ತು ಮತ್ತು ಭದ್ರತೆ. ಇವೆಲ್ಲ ಕೆಲವೇ ದಿನಗಳ ಕೋರ್ಸ್‌ಗಳು, ಡಿಜಿ ಶಿಪ್ಪಿಂಗ್ ಒಪ್ಪಿದ ಸಂಸ್ಥೆಗಳಲ್ಲಿ ಮಾತ್ರ ಮಾಡಬೇಕು. ಜೊತೆಗೆ ಇಂಡೋಸ್ ಸಂಖ್ಯೆ, ಸಿಡಿಸಿ ಎಂಬ ನಾವಿಕರ ಪುಸ್ತಕ, ವೈದ್ಯಕೀಯ ಪರೀಕ್ಷೆ ಬೇಕು. ಇವು ಯಾವುವೂ ಕೆಲಸ ಕೊಡಿಸುವ ಕಾಗದಗಳಲ್ಲ. ಕೆಲಸ ಸಿಕ್ಕವನು ಹಡಗು ಹತ್ತಲು ಬೇಕಾದವು ಅಷ್ಟೇ. ಅಲ್ಲದೆ ಬೆಂಕಿ ಮತ್ತು ಜೀವರಕ್ಷಣೆಯ ತರಬೇತಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಅನುಭವವೇ ಇಲ್ಲದ ಹುಡುಗ ಮೊದಲೇ ಇದನ್ನು ಮಾಡಿಸಿಕೊಂಡರೆ, ಅವನು ಹೋಟೆಲಿನಲ್ಲಿ ಅನುಭವ ಗಳಿಸುವಷ್ಟರಲ್ಲಿ ಆ ಐದರಲ್ಲಿ ಎರಡು ವರ್ಷ ಕಳೆದುಹೋಗಿರುತ್ತದೆ. ನಮ್ಮ ಹುಡುಗನಿಗೆ ಆದದ್ದು ಇದೇ.

ಆದ್ದರಿಂದ ಸರಿಯಾದ ಕ್ರಮ ಹೀಗೆ: ಮೊದಲು ಕೋರ್ಸ್, ನಂತರ ದೊಡ್ಡ ಹೋಟೆಲಿನಲ್ಲಿ ಕನಿಷ್ಠ ಒಂದೆರಡು ವರ್ಷ, ಆಮೇಲೆ ಸಂದರ್ಶನ, ಆಯ್ಕೆಯಾದ ಮೇಲೆ ಹಡಗಿನ ಕಾಗದಪತ್ರ.

ಏಜೆಂಟರ ವಿಷಯದಲ್ಲಿ ಒಂದೇ ಮಾತು. ಹಡಗಿಗೆ ಜನ ಕಳಿಸುವ ಸಂಸ್ಥೆಗೆ ಡಿಜಿ ಶಿಪ್ಪಿಂಗ್ ಕೊಡುವ ಆರ್‌ಪಿಎಸ್‌ಎಲ್ ಎಂಬ ಲೈಸೆನ್ಸ್ ಇರಬೇಕು. ಅದರ ಸಂಖ್ಯೆ ಕೇಳಿ dgshipping.gov.in ತಾಣದಲ್ಲಿ ನೋಡಬಹುದು. ಭಾರತ 2015ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದದ ಪ್ರಕಾರ ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ಹಣ ಪಡೆಯುವಂತಿಲ್ಲ. ಪಾಸ್‌ಪೋರ್ಟ್, ನಾವಿಕರ ಪುಸ್ತಕ, ವೈದ್ಯಕೀಯ ಪತ್ರದ ಖರ್ಚು ನಮ್ಮದು. ಅದಕ್ಕೂ ಮೀರಿ 'ಸೇರಿಸುವ ಖರ್ಚು' ಎಂದು ಯಾರಾದರೂ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಸಂಬಳ ಡಾಲರಿನಲ್ಲಿ ಎಂದು ಕೇಳಿದ ಪೋಷಕರು ಕೆಲಸದ ರೀತಿಯನ್ನೂ ಕೇಳಬೇಕು. ಒಪ್ಪಂದ ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು. ಅಷ್ಟೂ ದಿನ ವಾರದ ರಜೆ ಎಂಬುದಿಲ್ಲ. ದಿನಕ್ಕೆ ಹತ್ತು ಗಂಟೆಯ ವಿಶ್ರಾಂತಿ ನಿಯಮದಲ್ಲಿದೆ, ಅಂದರೆ ಉಳಿದ ಹೊತ್ತಿನ ಬಹುಪಾಲು ಕೆಲಸವೇ. ಒಪ್ಪಂದ ಮುಗಿದು ಊರಿಗೆ ಬಂದ ಎರಡು ತಿಂಗಳಿಗೆ ಹೆಚ್ಚಿನವರಿಗೆ ಸಂಬಳವಿರುವುದಿಲ್ಲ. ತಿಂಗಳ ಸಂಬಳವನ್ನು ಹನ್ನೆರಡರಿಂದ ಗುಣಿಸಿ ಸಾಲ ಮಾಡಿದವರು ಆಗ ಕಷ್ಟಪಡುತ್ತಾರೆ.

ಪೋಷಕರು ಮೆಲ್ಲನೆ ಕೇಳುವ ಪ್ರಶ್ನೆ

ಅರ್ಜಿ ಕೊಟ್ಟು ಹೊರಡುವಾಗ ಹೆಚ್ಚಿನ ತಾಯಂದಿರು ಬಾಗಿಲ ಬಳಿ ನಿಂತು ಕೇಳುವುದುಂಟು: "ಅಲ್ಲಿ ಹಂದಿ ಮಾಂಸ, ಮದ್ಯ ಮುಟ್ಟಬೇಕಾಗುತ್ತದೆಯಾ?" ಮಸಲೆ ಹೇಳುವುದು ನಮ್ಮ ಕೆಲಸವಲ್ಲ, ಅದನ್ನು ನಿಮ್ಮ ಉಸ್ತಾದರಲ್ಲಿ ಕೇಳಿ. ಅಡುಗೆಮನೆಯ ಸ್ಥಿತಿಯನ್ನು ಮಾತ್ರ ಇದ್ದ ಹಾಗೆ ಹೇಳುತ್ತೇವೆ. ದೊಡ್ಡ ಹೋಟೆಲಿನ ಮಾಂಸ ಕತ್ತರಿಸುವ ವಿಭಾಗ, ಕಾಂಟಿನೆಂಟಲ್ ಅಡುಗೆ, ತಣ್ಣನೆಯ ತಿನಿಸುಗಳ ವಿಭಾಗ, ಈ ಮೂರರಲ್ಲೂ ಇವು ಬರುತ್ತವೆ. ಬೇಕರಿ ಪೂರ್ತಿ ಹೊರತು ಎಂದು ತಿಳಿಯಬೇಡಿ: ಕೇಕ್, ಪುಡಿಂಗ್‌ಗಳಲ್ಲಿ ರಮ್ ಮತ್ತು ಜೆಲಟಿನ್ ಬಳಸುತ್ತಾರೆ. ಬ್ರೆಡ್, ತಂದೂರು, ಭಾರತೀಯ ಅಡುಗೆ ವಿಭಾಗಗಳಲ್ಲಿ ಇದು ಕಡಿಮೆ. ತರಬೇತಿಯ ಕಾಲದಲ್ಲಿ ಎಲ್ಲ ವಿಭಾಗಕ್ಕೂ ಸರದಿ ಹಾಕುವುದರಿಂದ ಆಯ್ಕೆ ಸಿಗುವುದು ಕಷ್ಟ. ಕೆಲಸಕ್ಕೆ ಸೇರುವಾಗ ವಿಭಾಗ ಕೇಳಿ ಪಡೆಯಲು ಸಾಧ್ಯ. ಕ್ರೂಸ್ ಹಡಗಿನಲ್ಲಿ ಕಾಂಟಿನೆಂಟಲ್ ಅಡುಗೆಯೇ ಹೆಚ್ಚು. ಕೋರ್ಸ್ ಸೇರುವ ಮೊದಲೇ ಮನೆಯಲ್ಲಿ ಇದನ್ನು ಮಾತಾಡಿ ತೀರ್ಮಾನಿಸಿ, ಅರ್ಧದಲ್ಲಿ ಬಿಟ್ಟು ಬರುವಂತಾಗಬಾರದು.

ಈ ವರ್ಷದಿಂದ ನಾವು ಕೇಳುವುದು

ಮೇಲಿನ ಅನುಭವದ ಮೇಲೆ, ಶೆಫ್, ಬೇಕರಿ ಮತ್ತು ಹೋಟೆಲ್ ಕೋರ್ಸ್‌ಗಳ ಅರ್ಜಿಯ ಜೊತೆ ಈ ಐದು ಪ್ರಶ್ನೆಗಳಿಗೆ ಸಂಸ್ಥೆಯಿಂದ ಬರಹದಲ್ಲಿ ಉತ್ತರ ತರಬೇಕೆಂದು ಸಮಿತಿ ತೀರ್ಮಾನಿಸಿದೆ.

1. ಪರೀಕ್ಷೆ ನಡೆಸುವವರು ಮತ್ತು ಸರ್ಟಿಫಿಕೇಟ್ ಕೊಡುವವರು ಯಾರು?

2. ಒಟ್ಟು ಎಷ್ಟು ಗಂಟೆ ಕೈಯಿಂದ ಮಾಡುವ ಕೆಲಸ? ಒಂದು ಓವನ್ ಅಥವಾ ಒಲೆಗೆ ಎಷ್ಟು ವಿದ್ಯಾರ್ಥಿಗಳು?

3. ಹೋಟೆಲ್ ತರಬೇತಿ ಎಷ್ಟು ತಿಂಗಳು? ಯಾವ ಹೋಟೆಲ್, ಎಷ್ಟು ಕೋಣೆ, ಯಾವ ಯಾವ ವಿಭಾಗದಲ್ಲಿ ನಿಲ್ಲಿಸುತ್ತಾರೆ?

4. ಕಳೆದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ? ಅವರಲ್ಲಿ ಇಬ್ಬರೊಂದಿಗೆ ನಾವು ಫೋನಿನಲ್ಲಿ ಮಾತಾಡಬಹುದೇ?

5. ಶುಲ್ಕದಲ್ಲಿ ಹಡಗಿನ ಸುರಕ್ಷತಾ ತರಬೇತಿ ಸೇರಿದ್ದರೆ ಅದನ್ನು ಬಿಟ್ಟು ಕೋರ್ಸ್ ಮಾತ್ರ ಮಾಡಲು ಸಾಧ್ಯವೇ?

ಹಣವನ್ನು ಒಂದೇ ಸಲ ಕೊಡುವುದಿಲ್ಲ. ಅರ್ಧ ಸೇರುವಾಗ, ಉಳಿದರ್ಧ ಹೋಟೆಲ್ ತರಬೇತಿ ಶುರುವಾದ ಪತ್ರ ತಂದ ಮೇಲೆ. ಹಡಗಿನ ಕಾಗದಪತ್ರದ ಖರ್ಚಿಗೆ ನೆರವು ಬೇಕಾದವರು ಲೈಸೆನ್ಸ್ ಇರುವ ಸಂಸ್ಥೆಯ ಆಯ್ಕೆ ಪತ್ರದೊಂದಿಗೆ ಬೇರೆಯಾಗಿ ಅರ್ಜಿ ಹಾಕಬೇಕು.

ಕೊನೆಗೆ ಆ ಹುಡುಗನ ವಿಷಯ. ಏಜೆಂಟನಿಗೆ ಹಣ ಕೊಡಬೇಡಿ ಎಂದು ತಾಯಿಗೆ ಹೇಳಿ, ನಮ್ಮ ಪರಿಚಯದವರ ಮೂಲಕ ಅವನನ್ನು ಬೆಂಗಳೂರಿನ ದೊಡ್ಡ ಹೋಟೆಲೊಂದಕ್ಕೆ ಟ್ರೈನಿಯಾಗಿ ಸೇರಿಸಿದೆವು. ಮೊದಲ ಆರು ತಿಂಗಳು ಈರುಳ್ಳಿ, ಆಲೂಗಡ್ಡೆ ಬಿಟ್ಟರೆ ಬೇರೆ ಏನೂ ಕೈಗೆ ಕೊಡಲಿಲ್ಲ ಎಂದು ಫೋನಿನಲ್ಲಿ ಹೇಳುತ್ತಿದ್ದ. ಒಂದೂ ಮುಕ್ಕಾಲು ವರ್ಷದ ನಂತರ, ಕಾಮಿ-2 ಆಗಿದ್ದಾಗ, ಮತ್ತೆ ಮುಂಬಯಿಗೆ ಸಂದರ್ಶನಕ್ಕೆ ಹೋದ. ಅದೇ ಎರಡು ಪ್ರಶ್ನೆ ಕೇಳಿದರಂತೆ. ಈ ಸಲ ಅವನಲ್ಲಿ ಉತ್ತರವಿತ್ತು: ಬೆಳಗಿನ ಬಫೆಗೆ ನಾನೂರು ಜನ, ನಾನು ನಿಲ್ಲುವುದು ಭಾರತೀಯ ವಿಭಾಗದಲ್ಲಿ.

ಮೊದಲ ಒಪ್ಪಂದ ಮುಗಿಸಿ ಊರಿಗೆ ಬಂದಾಗ ತಾಯಿಯ ಬಳೆ ಬಿಡಿಸಿದ. ಅದಾದ ಮೇಲೆ ನಮ್ಮ ಕಚೇರಿಗೂ ಬಂದು, ಟ್ರಸ್ಟ್ ಕೊಟ್ಟಿದ್ದ ತೊಂಬತ್ತು ಸಾವಿರದಲ್ಲಿ ಮೂವತ್ತು ಸಾವಿರವನ್ನು ಮೇಜಿನ ಮೇಲಿಟ್ಟ. ಉಳಿದದ್ದನ್ನು ಮುಂದಿನ ಸಲ ಕೊಡುವುದಾಗಿ ಹೇಳಿ, ಐಟಿಐ ಬೇಕರಿ ಸೇರುವ ಒಬ್ಬ ಹುಡುಗನಿಗೆ ಅದನ್ನು ಕೊಡಬೇಕೆಂದು ಕೇಳಿಕೊಂಡ. ಈ ವರ್ಷದ ಲೆಕ್ಕಪತ್ರದಲ್ಲಿ 'ಹಳೆಯ ವಿದ್ಯಾರ್ಥಿಯಿಂದ' ಎಂಬ ಸಾಲಿನಲ್ಲಿ ಇರುವುದು ಆ ಮೊತ್ತವೇ.